ಬೋರ್ಡಿನ ಫೋಟೋ ಬಂತು, ಯಾವ ಭಾಷೆಗೆ ಅಂತ ಹೇಳಿಲ್ಲ: ಯಾವ ದಾರಿ ಹಿಡಿಯಬೇಕು?

ನಮ್ಮದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಅಂಗಡಿ. ಟೈಪಿಂಗ್, ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಜೊತೆಗೆ ಅನುವಾದದ ಕೆಲಸವೂ ಬರುತ್ತದೆ. ಈಚೆಗೆ ಜಾಸ್ತಿ ಬರುವುದು ವಾಟ್ಸಾಪಿನಲ್ಲಿ ಬೋರ್ಡಿನ ಫೋಟೋ. ಬೋರ್ಡಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಫೋಟೋ ಕೆಳಗೆ ಒಂದೇ ಸಾಲು: "ಇದನ್ನು ಟ್ರಾನ್ಸ್‌ಲೇಟ್ ಮಾಡಿ ಕೊಡಿ." ಯಾವ ಭಾಷೆಗೆ ಅನ್ನುವುದು ಮಾತ್ರ ಇರುವುದಿಲ್ಲ.

ಬರೀ ಕನ್ನಡದ ಬೋರ್ಡಾಗಿದ್ದರೆ ಇಂಗ್ಲಿಷಿಗೆ ಬೇಕು ಅಂತ ಊಹಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬರೀ ಇಂಗ್ಲಿಷಾದರೆ ಕನ್ನಡಕ್ಕೆ. ಎರಡೂ ಬೆರೆತಾಗ ಈ ಊಹೆ ನಡೆಯುವುದಿಲ್ಲ. ಆಗ ನಮ್ಮ ಮುಂದೆ ಐದು ದಾರಿ ಇರುತ್ತವೆ. ಎಲ್ಲವನ್ನೂ ಕನ್ನಡಕ್ಕೆ ತರಬಹುದು. ಎಲ್ಲವನ್ನೂ ಇಂಗ್ಲಿಷಿಗೆ ತರಬಹುದು. ಕನ್ನಡದ ಸಾಲನ್ನು ಇಂಗ್ಲಿಷಿಗೆ, ಇಂಗ್ಲಿಷಿನ ಸಾಲನ್ನು ಕನ್ನಡಕ್ಕೆ ತಿರುಗಿಸಬಹುದು. ಇದನ್ನು ನಾವು ಅಂಗಡಿಯಲ್ಲಿ ಅಡ್ಡ ಅನುವಾದ ಅನ್ನುತ್ತೇವೆ. ಹಿಂದಿಯಂಥ ಮೂರನೆಯ ಭಾಷೆಗೆ ಮಾಡಬಹುದು. ಅಥವಾ ಕೈ ಹಚ್ಚುವ ಮೊದಲು ಕೇಳಬಹುದು. ಯಾವಾಗ ಯಾವುದು ಅನ್ನುವುದನ್ನು ಒಂದೇ ಬೋರ್ಡನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಆ ಬೋರ್ಡಿನಲ್ಲಿ ನಾನು ಮೊದಲು ತಪ್ಪು ದಾರಿ ಹಿಡಿದಿದ್ದೆ.

ತೀರ್ಥಹಳ್ಳಿ ಕಡೆಯಿಂದ ಹೋಮ್‌ಸ್ಟೇ ನಡೆಸುವ ಒಬ್ಬ ಅಕ್ಕ ಫೋಟೋ ಕಳಿಸಿದ್ದರು. ಅವರ ತೋಟದ ಅಂಚಿನಲ್ಲಿ, ಕಾನಿಗೆ ಹೋಗುವ ಕಾಲುದಾರಿಯ ಬಾಯಲ್ಲಿ ನಿಲ್ಲಿಸಿದ ತಗಡಿನ ಬೋರ್ಡು. ಜನವರಿ ತಿಂಗಳು. ಬೋರ್ಡಿನಲ್ಲಿ ಇದ್ದದ್ದು ಇಷ್ಟು. ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ "ಮಂಗನ ಕಾಯಿಲೆ ಇರುವ ಪ್ರದೇಶ". ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ "ಕೆಎಫ್‌ಡಿ ಅಲರ್ಟ್ ಏರಿಯಾ". ಆಮೇಲೆ ಕನ್ನಡದಲ್ಲಿ "ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಉಣ್ಣೆ ಕಚ್ಚಿ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಿಳಿಸಿ". ಕೆಳಗೆ ಮತ್ತೆ ಇಂಗ್ಲಿಷಿನಲ್ಲಿ ಎರಡು ಸಾಲು: "ರಿಪೋರ್ಟ್ ಡೆಡ್ ಮಂಕೀಸ್. ನೋ ಟ್ರೆಕ್ಕಿಂಗ್ ವಿದೌಟ್ ಪರ್ಮಿಷನ್". ಕೊನೆಗೆ ಮೂಲೆಯಲ್ಲಿ ಯಾರೋ ಕೈಯಲ್ಲೇ ಬಣ್ಣದಿಂದ ಬರೆದದ್ದು: "ಉಣುಗೋಲು ಹಾಕಿ ಹೋಗಿ".

ಅಕ್ಕ ಮೆಸೇಜನ್ನು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದ್ದರು. ಹಾಗಾಗಿ ಕನ್ನಡಕ್ಕೇ ಬೇಕು ಅಂದುಕೊಂಡೆ. ಇಂಗ್ಲಿಷಿನ ಸಾಲುಗಳನ್ನು ಕನ್ನಡಕ್ಕೆ ತಂದು, ಇಡೀ ಬೋರ್ಡನ್ನು ಶುದ್ಧ ಕನ್ನಡದಲ್ಲಿ ನೀಟಾಗಿ ಟೈಪ್ ಮಾಡಿ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಇದು ನಂಗೆ ಗೊತ್ತು ಮಾರಾಯ್ರೆ. ದಿನಾ ನೋಡ್ತೀನಲ್ಲ. ನಾಳೆ ಬೆಳಿಗ್ಗೆ ಚೆನ್ನೈಯಿಂದ ಬಂದ ಹುಡುಗರು ಕಾಡಿಗೆ ಹೋಗ್ತಾರೆ, ಅವರಿಗೆ ತೋರಿಸ್ಬೇಕು."

ನಾನು ಎಡವಿದ್ದು ಎಲ್ಲಿ? ಕಳಿಸಿದವರ ಭಾಷೆ ಯಾವುದು ಅಂತ ನೋಡಿದೆ, ಓದುವವರು ಯಾರು ಅಂತ ನೋಡಲಿಲ್ಲ. ಬೋರ್ಡಿನಲ್ಲಿ ಮುಕ್ಕಾಲು ಪಾಲು ಕನ್ನಡವೇ ಇತ್ತು. ಕನ್ನಡ ಚೆನ್ನಾಗಿ ಓದುವವರು ಅದನ್ನು ಕನ್ನಡಕ್ಕೆ ಯಾಕೆ ಕೇಳುತ್ತಾರೆ? ಆ ಒಂದು ಪ್ರಶ್ನೆ ಹಾಕಿಕೊಂಡಿದ್ದರೆ ಸಾಕಿತ್ತು.

ಅಂದಿನಿಂದ ಫೋಟೋ ಬಂದ ಕೂಡಲೇ ಮೊದಲು ಮಾಡುವ ಕೆಲಸ ಒಂದು. ಎರಡು ಭಾಷೆಯ ಸಾಲುಗಳು ಒಂದೇ ವಿಷಯ ಹೇಳುತ್ತಿವೆಯಾ, ಬೇರೆ ಬೇರೆ ಹೇಳುತ್ತಿವೆಯಾ ಅಂತ ಹೊಂದಿಸಿ ನೋಡುವುದು. ಕಾಗದದ ಮೇಲೆ ಎರಡು ಕಂಬ ಗೀಚಿಕೊಳ್ಳುತ್ತೇನೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಒಂದಕ್ಕೊಂದು ಜೋಡಿ ಸಿಕ್ಕರೆ ಗೆರೆ ಎಳೆಯುತ್ತೇನೆ. ಅಕ್ಕನ ಬೋರ್ಡಿನಲ್ಲಿ "ಮಂಗನ ಕಾಯಿಲೆ" ಸಾಲಿಗೆ "ಕೆಎಫ್‌ಡಿ" ಸಾಲು ಜೋಡಿ. "ತಿಳಿಸಿ" ಅನ್ನುವುದಕ್ಕೆ "ರಿಪೋರ್ಟ್" ಜೋಡಿ. ಆದರೆ "ಮುಟ್ಟಬೇಡಿ" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಜೋಡಿಯೇ ಇಲ್ಲ. ಎಣ್ಣೆ ಹಚ್ಚಿಕೊಳ್ಳುವುದೂ ಇಲ್ಲ, ಉಣ್ಣೆಯೂ ಇಲ್ಲ. ಅತ್ತ, ಅನುಮತಿ ಇಲ್ಲದೆ ಟ್ರೆಕ್ಕಿಂಗ್ ಹೋಗಬಾರದು ಅನ್ನುವುದು ಇಂಗ್ಲಿಷಿನಲ್ಲಿ ಮಾತ್ರ ಇದೆ.

ಅಂದರೆ ಈ ಬೋರ್ಡಿನಲ್ಲಿ ಎರಡು ಬೋರ್ಡು ಇವೆ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಸತ್ತ ಮಂಗದ ಸುದ್ದಿ ಮುಟ್ಟಿಸು ಅನ್ನುವುದಷ್ಟೇ ತಲುಪುತ್ತದೆ, ಮುಟ್ಟಬೇಡ ಅನ್ನುವುದು ತಲುಪುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹರಡುವುದು ಉಣ್ಣೆಯಿಂದ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣ್ಣೆಗಳು ಸುತ್ತಮುತ್ತ ಉದುರಿ ಬೇರೆ ಮೈಗೆ ಕಾಯುತ್ತವೆ. ಫೋಟೋ ತೆಗೆಯೋಣ ಅಂತ ಹತ್ತಿರ ಹೋದವನಿಗೇ ಅಪಾಯ ಜಾಸ್ತಿ.

ಜೋಡಿ ನೋಡಿದ ಮೇಲೆ ದಾರಿ ಆರಿಸುವುದು ಸುಲಭವಾಗುತ್ತದೆ.

ಎಲ್ಲ ಸಾಲಿಗೂ ಜೋಡಿ ಇದ್ದರೆ ಬೋರ್ಡಿನಲ್ಲೇ ಅನುವಾದ ಆಗಿದೆ ಅಂತ ಅರ್ಥ. ಕನ್ನಡಕ್ಕೋ ಇಂಗ್ಲಿಷಿಗೋ ಮತ್ತೆ ಮಾಡಿದರೆ ಕೆಲಸಕ್ಕೆ ಬಾರದು. ಹಾಗಿದ್ದೂ ಕೇಳಿದ್ದಾರೆ ಅಂದರೆ ಒಂದೋ ಮೂರನೆಯ ಭಾಷೆ ಬೇಕು, ಇಲ್ಲವೇ ಬೋರ್ಡಿನ ಇಂಗ್ಲಿಷ್ ಸರಿಯಿದೆಯಾ ಅಂತ ನೋಡಬೇಕು. ಇಂಥಲ್ಲಿ ಕೇಳುವುದೇ ಸರಿ. ಸುಮ್ನೆ ಹಿಂದಿಗೆ ಮಾಡಿಬಿಡಬೇಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬಂದ ಕೆಲಸದವರಿಗೆ ಅಂತ ಹಿಂದಿ ಕೇಳುವ ತೋಟದವರು ಇದ್ದಾರೆ, ನಿಜ. ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಹೇಳದೇ ಇರುವಾಗ ಮೂರನೆಯ ಭಾಷೆ ಆರಿಸಿ ಸರಿಹೋದದ್ದು ನನ್ನ ಅನುಭವದಲ್ಲಿ ಇಲ್ಲವೇ ಇಲ್ಲ.

ಜೋಡಿ ಇಲ್ಲದ ಸಾಲುಗಳು ಒಂದೇ ಭಾಷೆಯಲ್ಲಿದ್ದರೆ, ಅವು ಇಲ್ಲದ ಭಾಷೆಗೆ ಮಾಡಿ. ಕನ್ನಡದಲ್ಲಿ ಐದು ಸಾಲು, ಇಂಗ್ಲಿಷಿನಲ್ಲಿ ಅದರ ಎರಡು ಸಾಲು ಮಾತ್ರ ಇದ್ದರೆ ಕೊರತೆ ಇರುವುದು ಇಂಗ್ಲಿಷಿನಲ್ಲಿ. ಆಗ ಇಂಗ್ಲಿಷೇ ಬಹುಮಟ್ಟಿಗೆ ಸರಿಯಾದ ಊಹೆ. ಮೆಸೇಜು ಕನ್ನಡದಲ್ಲಿದ್ದರೂ ಹಾಗೆಯೇ. ಕಳಿಸಿದವರು ಬೇರೆ ಯಾರಿಗೋ ಕೇಳುತ್ತಿದ್ದಾರೆ ಅಂತ ತಿಳಿಯಬಹುದು.

ಎರಡೂ ಕಡೆ ಜೋಡಿ ಇಲ್ಲದ ಸಾಲು ಇದ್ದರೆ, ಅಕ್ಕನ ಬೋರ್ಡಿನ ಹಾಗೆ, ನಾನು ಅಡ್ಡ ಅನುವಾದಕ್ಕೆ ಮತ ಹಾಕುತ್ತೇನೆ. ಕನ್ನಡದ್ದು ಇಂಗ್ಲಿಷಿಗೆ, ಇಂಗ್ಲಿಷಿನದ್ದು ಕನ್ನಡಕ್ಕೆ. ಕೊನೆಗೆ ಕೈಯಲ್ಲಿ ಎರಡು ಪೂರ್ತಿ ಬೋರ್ಡು ಉಳಿಯುತ್ತವೆ. ಕೆಲಸ ಜಾಸ್ತಿ, ಹೌದು. ಒಂದು ಪುಟ ಹೋಗಿ ಎರಡಾಗುತ್ತದೆ. ಆದರೆ ಯಾವ ಭಾಷೆ ಬೇಕಿದ್ದರೂ ತಪ್ಪಾಗುವುದಿಲ್ಲ, ಮತ್ತೆ ಫೋನ್ ಮಾಡಿಸಿಕೊಳ್ಳುವ ಕೆಲಸವೂ ಇಲ್ಲ. ಎಂಟು ಹತ್ತು ಸಾಲಿನ ಬೋರ್ಡಿಗೆ ಇದು ಸಲೀಸು. ದೇವಸ್ಥಾನದ ಸೇವಾ ಪಟ್ಟಿಯೋ ಆಸ್ಪತ್ರೆಯ ದರಪಟ್ಟಿಯೋ ಆಗಿ ಐವತ್ತು ಸಾಲು ಇದ್ದರೆ ಈ ದಾರಿ ಬೇಡ. ಕೇಳಿ ಮಾಡಿ.

ಅಡ್ಡ ಅನುವಾದದಲ್ಲಿ ಒಂದು ಕೆಟ್ಟ ಬಗೆ ಇದೆ, ಅದನ್ನು ಹೇಳಲೇಬೇಕು. ಕೆಲವರು ಬೋರ್ಡಿನ ಸಾಲನ್ನು ಇದ್ದ ಜಾಗದಲ್ಲೇ ತಿರುಗಿಸಿ ಕಳಿಸುತ್ತಾರೆ. ಕನ್ನಡ ಇದ್ದಲ್ಲಿ ಇಂಗ್ಲಿಷ್, ಇಂಗ್ಲಿಷ್ ಇದ್ದಲ್ಲಿ ಕನ್ನಡ. ನೋಡಲು ಎಲ್ಲ ಅನುವಾದ ಆದ ಹಾಗೆ ಕಾಣುತ್ತದೆ. ಆದರೆ ಅದೂ ಮೊದಲಿನ ಹಾಗೇ ಅರ್ಧ ಅರ್ಧ. ಮೊದಲು ಕನ್ನಡದವನಿಗೆ ಟ್ರೆಕ್ಕಿಂಗ್ ಸಾಲು ತಪ್ಪಿತ್ತು, ಈಗ ಉಣ್ಣೆ ಸಾಲು ತಪ್ಪುತ್ತದೆ. ಪ್ರತಿ ಭಾಷೆಯಲ್ಲೂ ಪೂರ್ತಿ ಬೋರ್ಡು ಬರುತ್ತದೆಯಾ ಅಂತ ಎಣಿಸಿ ನೋಡಿ. ಎರಡೂ ಪುಟದಲ್ಲಿ ವಿಷಯಗಳ ಲೆಕ್ಕ ಒಂದೇ ಇರಬೇಕು. ಅಕ್ಕನ ಬೋರ್ಡಿನಲ್ಲಿ ಏಳು ವಿಷಯ ಬಂದವು: ಕಾಯಿಲೆ ಇರುವ ಜಾಗ, ಎಣ್ಣೆ, ಜ್ವರ ಬಂದರೆ ಯಾರಿಗೆ ಹೇಳಬೇಕು, ಸತ್ತ ಮಂಗ ಮುಟ್ಟಬಾರದು, ಅದರ ಸುದ್ದಿ ತಿಳಿಸಬೇಕು, ಟ್ರೆಕ್ಕಿಂಗಿಗೆ ಅನುಮತಿ, ಉಣುಗೋಲು.

ಇನ್ನು ಸುಳಿವುಗಳ ಮಾತು. ಬೋರ್ಡಿನಲ್ಲಿ ಯಾವ ಭಾಷೆ ದೊಡ್ಡದಾಗಿದೆ, ಯಾವುದು ಮೇಲಿದೆ ಅನ್ನುವುದನ್ನು ಸುಳಿವು ಅಂತ ಹಿಡಿಯಬೇಡಿ. 2024ರ ಕಾಯ್ದೆ ತಿದ್ದುಪಡಿಯಿಂದ ಅಂಗಡಿ, ಹೋಟೆಲ್‌ಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ. ಹಾಗಾಗಿ ದೊಡ್ಡ ಕನ್ನಡ ಎಲ್ಲ ಕಡೆ ಇರುತ್ತದೆ. ಅದರಿಂದ ಓದುವವರು ಯಾರು ಅನ್ನುವುದು ತಿಳಿಯುವುದಿಲ್ಲ.

ಮೆಸೇಜಿನ ಭಾಷೆ ಒಳ್ಳೆಯ ಸುಳಿವೇ, ಆದರೆ ಅರ್ಧ ಸುಳಿವು. ಇಂಗ್ಲಿಷಿನಲ್ಲಿ ಬರೆದು "ಇದರಲ್ಲಿ ಏನಿದೆ" ಅಂತ ಕೇಳಿದರೆ ಇಂಗ್ಲಿಷಿಗೆ ಮಾಡಿ, ಯೋಚನೆ ಬೇಡ. ಕನ್ನಡ ಅಕ್ಷರದಲ್ಲಿ "ಇದರಲ್ಲಿ ಏನಿದೆ" ಅಂದರೆ ಅವರಿಗೆ ತಿಳಿಯದ್ದು ಇಂಗ್ಲಿಷಿನ ಸಾಲು. ಅದನ್ನಷ್ಟೇ ಕನ್ನಡಕ್ಕೆ ಮಾಡಿದರೆ ಸಾಕು. "ಏನಿದೆ" ಅನ್ನುವುದಕ್ಕೂ "ಮಾಡಿ ಕೊಡಿ" ಅನ್ನುವುದಕ್ಕೂ ವ್ಯತ್ಯಾಸ ಇದೆ, ಗಮನಿಸಿ. ಏನಿದೆ ಅಂದವರಿಗೆ ತಾವೇ ತಿಳಿಯಬೇಕು. ಮಾಡಿ ಕೊಡಿ ಅಂದವರು ಅದನ್ನು ಇನ್ನೊಬ್ಬರಿಗೆ ಕೊಡುವವರು. ಅಕ್ಕನ ಮೆಸೇಜಿನಲ್ಲಿ ಇದ್ದದ್ದು "ಮಾಡಿ ಕೊಡಿ".

ಕಷ್ಟ ಆಗುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರದ್ದು. ಕೆಲವರು ಕೀಬೋರ್ಡ್ ಅಭ್ಯಾಸಕ್ಕೆ ಹಾಗೆ ಬರೆಯುತ್ತಾರೆ, ಕನ್ನಡ ಸರಾಗ ಓದುತ್ತಾರೆ. ಇನ್ನು ಕೆಲವರು ಹೊರಗೆ ಬೆಳೆದವರು, ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಎರಡನೆಯವರಿಗೆ ನೀವು ಇಂಗ್ಲಿಷಿಗೆ ಅನುವಾದ ಮಾಡುವುದಕ್ಕಿಂತ ಬೋರ್ಡನ್ನು ಓದಿ ಹೇಳುವ ಒಂದು ವಾಯ್ಸ್ ಮೆಸೇಜ್ ಹೆಚ್ಚು ಸಹಾಯ. ಯಾರು ಯಾವ ಬಗೆ ಅನ್ನುವುದು ಬರಹದಿಂದ ಗೊತ್ತಾಗುವುದಿಲ್ಲ. ಇಲ್ಲಿ ಕೇಳಲೇಬೇಕು.

ಕೇಳುವುದಾದರೆ ಹೇಗೆ ಕೇಳಬೇಕು? "ಯಾವ ಭಾಷೆಗೆ?" ಅಂತ ಕೇಳಿದರೆ ಬಹಳ ಜನ ಯೋಚಿಸದೆ "ಇಂಗ್ಲಿಷಿಗೆ" ಅಂದುಬಿಡುತ್ತಾರೆ. ಅನುವಾದ ಅಂದರೆ ಇಂಗ್ಲಿಷು ಅಂತ ಮನಸ್ಸಿನಲ್ಲಿ ಕೂತಿದೆ. ಅದರ ಬದಲು "ಇದನ್ನು ಓದುವವರು ಯಾರು?" ಅಂತ ಕೇಳಿ. ಗೆಸ್ಟು, ಅಜ್ಜಿ, ಕೆಲಸದವರು, ವಕೀಲರು ಅಂತ ಉತ್ತರ ಬರುತ್ತದೆ. ಭಾಷೆಯೂ ಗೊತ್ತಾಯಿತು, ಎಷ್ಟು ಸರಳವಾಗಿ ಬರೆಯಬೇಕು ಅನ್ನುವುದೂ ಗೊತ್ತಾಯಿತು. ವಕೀಲರಿಗೆ ಅಂದರೆ ಬೋರ್ಡಿನಲ್ಲಿ ಇದ್ದ ತಪ್ಪನ್ನೂ ಹಾಗೆಯೇ ಇಡಬೇಕು, ತಿದ್ದಬಾರದು. ಗೆಸ್ಟಿಗೆ ಅಂದರೆ ತಿಳಿಯುವ ಹಾಗೆ ಒಂದೆರಡು ಮಾತು ಸೇರಿಸಬಹುದು.

ಭಾಷೆ ಗೊತ್ತಾದ ಮೇಲೂ ಮಲೆನಾಡಿನ ಬೋರ್ಡಿನಲ್ಲಿ ಕಾಲು ಜಾರುವ ಜಾಗಗಳಿವೆ. ಅಕ್ಕನ ಬೋರ್ಡನ್ನೇ ಇಂಗ್ಲಿಷಿಗೆ ತರುವಾಗ ನನಗೆ ಮೂರು ಕಡೆ ನಿಲ್ಲಬೇಕಾಯಿತು.

ಮೊದಲನೆಯದು "ಉಣ್ಣೆ". ನಿಘಂಟು ತೆರೆದರೆ ಕುರಿಯ ಉಣ್ಣೆಯೂ ಸಿಗುತ್ತದೆ, ದನದ ಮೈಗೆ ಕಚ್ಚುವ ಉಣ್ಣೆಯೂ ಸಿಗುತ್ತದೆ. ಇಲ್ಲಿ ಬೇಕಾದದ್ದು ಟಿಕ್. ವೂಲ್ ಅಂತ ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ, ಕನಿಷ್ಠ ತಪ್ಪಾಗಿದೆ ಅಂತಾದರೂ ಗೊತ್ತಾಗುತ್ತದೆ. ಅದಕ್ಕಿಂತ ಅಪಾಯದ ತಪ್ಪು ಲೀಚ್ ಅಂತ ಬರೆಯುವುದು. ಮಲೆನಾಡು ಅಂದ ಕೂಡಲೇ ಇಂಬಳ ನೆನಪಾಗಿ ಹಾಗೆ ಬರೆಯುವವರನ್ನು ನೋಡಿದ್ದೇನೆ. ಇಂಬಳ ಮಳೆಗಾಲದ್ದು, ಕಚ್ಚಿದರೆ ಕಣ್ಣಿಗೆ ಕಾಣುತ್ತದೆ, ರಕ್ತ ಸೋರುತ್ತದೆ. ಈ ಕಾಯಿಲೆಯ ಉಣ್ಣೆಯ ಕಾಟ ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಬೇಸಿಗೆವರೆಗೆ. ಮರಿ ಉಣ್ಣೆ ಎಷ್ಟು ಸಣ್ಣದೆಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಲೀಚ್ ಅಂತ ಓದಿದವನು ಜನವರಿಯ ಒಣ ನೆಲ ನೋಡಿ, ಇಲ್ಲಿ ಇಂಬಳ ಎಲ್ಲಿದೆ ಅಂತ ಚಡ್ಡಿ ಹಾಕಿಕೊಂಡೇ ಹೋಗುತ್ತಾನೆ.

ಎರಡನೆಯದು "ಮಂಗನ ಕಾಯಿಲೆ". ಪದಕ್ಕೆ ಪದ ಇಟ್ಟರೆ ಹೊರಗಿನವರು ಮಂಕಿಪಾಕ್ಸ್ ಅಂತ ತಿಳಿಯುತ್ತಾರೆ. ಅದು ಬೇರೆ ಕಾಯಿಲೆ, ಮನುಷ್ಯರಿಂದ ಮನುಷ್ಯರಿಗೆ ಹತ್ತುತ್ತದೆ. ಮಂಗನ ಕಾಯಿಲೆ ಹಾಗೆ ಹತ್ತುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಪೂರ್ತಿ ಹೆಸರು, ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಅಂತಲೇ ಬರೆಯಬೇಕು. ಅದಕ್ಕೆ ಇಂಗ್ಲಿಷಿನಲ್ಲೂ ಬಳಕೆಯ ಹೆಸರು ಇದೆ, ಮಂಕಿ ಫೀವರ್. ಎರಡನ್ನೂ ಕೊಟ್ಟರೆ ಹುಡುಕಿ ನೋಡುವವನಿಗೆ ಸರಿಯಾದ ಮಾಹಿತಿ ಸಿಗುತ್ತದೆ. ಬೋರ್ಡಿನ ಇಂಗ್ಲಿಷ್ ಸಾಲಿನಲ್ಲಿದ್ದ ಕೆಎಫ್‌ಡಿ ಅನ್ನುವ ಮೂರು ಅಕ್ಷರ ಚೆನ್ನೈ ಹುಡುಗರಿಗೆ ಏನೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಇದೆಯಲ್ಲ ಅಂತ ಹಾಗೇ ಬಿಟ್ಟರೆ ಅದು ಅನುವಾದ ಆಗದ ಸಾಲು. ಹಾಗೆಯೇ ಕನ್ನಡಕ್ಕೆ ತರುವಾಗ ಅದನ್ನು ಮಂಗನ ಕಾಯಿಲೆ ಅಂತ ಬರೆದರೆ ಸಾಕು.

ಮೂರನೆಯದು "ಉಣುಗೋಲು ಹಾಕಿ ಹೋಗಿ". ಉಣುಗೋಲು ಅಂದರೆ ದಾರಿಗೆ ಅಡ್ಡ ಎರಡು ಕಂಬದ ನಡುವೆ ತೂರಿಸುವ ಗಳುಗಳು. ದನ ತೋಟಕ್ಕೆ ನುಗ್ಗದಿರಲಿ ಅಂತ. ಇಂಗ್ಲಿಷಿನಲ್ಲಿ ಗೇಟ್ ಮುಚ್ಚಿ ಹೋಗಿ ಅಂತ ಬರೆದರೆ ಅರ್ಥ ಸರಿ, ಆದರೆ ಅಲ್ಲಿ ಗೇಟು ಕಾಣುವುದಿಲ್ಲ, ಮರದ ಗಳು ಕಾಣುತ್ತದೆ. ದಾಟಿದ ಮೇಲೆ ಗಳುಗಳನ್ನು ಮತ್ತೆ ಅಡ್ಡ ತೂರಿಸಿ ಅಂತ ಬರೆದೆ. ಬೋರ್ಡಿಗಿಂತ ಉದ್ದವಾಯಿತು, ಆಗಲಿ. ಹೊಸಬರು ಏನು ಮಾಡಬೇಕು ಅಂತ ತಿಳಿಯಿತಲ್ಲ.

ಲಿಪಿ ನೋಡಿ ಭಾಷೆ ಅಂದುಕೊಳ್ಳುವುದೂ ಒಂದು ತಪ್ಪು. ಕನ್ನಡ ಅಕ್ಷರದಲ್ಲಿ "ನೋ ಎಂಟ್ರಿ" ಅಂತ ಇದ್ದರೆ ಅದು ಇಂಗ್ಲಿಷೇ. ಇಂಗ್ಲಿಷ್ ಬಾರದ ಅಜ್ಜನಿಗೆ ಓದಲು ಬರುತ್ತದೆ, ಅರ್ಥ ಆಗುವುದಿಲ್ಲ. ಕನ್ನಡಕ್ಕೆ ಅಂದಾಗ ಅದನ್ನೂ "ಒಳಗೆ ಹೋಗಬಾರದು" ಅಂತ ಬಿಡಿಸಬೇಕು. ಪಾರ್ಕಿಂಗ್, ಬಸ್, ಟಿಕೆಟ್ ಎಲ್ಲರಿಗೂ ಗೊತ್ತು, ಅವನ್ನು ಮುಟ್ಟುವುದು ಬೇಡ. ಕನ್ನಡ ಅಂಕಿ ಇದ್ದರೆ ಇಂಗ್ಲಿಷ್ ಪುಟದಲ್ಲಿ ಬದಲಿಸಿ. ೬ ಅಂತ ಬಿಟ್ಟರೆ ಹೊರಗಿನವರು ಓದಲಾರರು. ಊರಿನ ಹೆಸರು ಈಗಿನ ರೂಪದಲ್ಲಿ ಕೊಡಿ. ಹಳೆಯ ಬೋರ್ಡಿನ ಇಂಗ್ಲಿಷಿನಲ್ಲಿ ಶಿಮೊಗ ಅಂತ ಇರುತ್ತದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಅಂತಲೇ.

ಎರಡು ಭಾಷೆ ಒಂದಕ್ಕೊಂದು ವಿರುದ್ಧ ಹೇಳುವುದೂ ಉಂಟು. ಜಲಪಾತದ ಬಳಿಯ ಒಂದು ಬೋರ್ಡಿನಲ್ಲಿ ಕನ್ನಡ ಸಂಜೆ 5ರವರೆಗೆ ಅಂದರೆ, ಇಂಗ್ಲಿಷ್ 6ರವರೆಗೆ ಅಂದಿತ್ತು. ಒಂದೇ ಭಾಷೆಗೆ ತರುವಾಗ ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡುವ ಆಸೆ ಆಗುತ್ತದೆ. ಆರಿಸುವುದು ನಮ್ಮ ಕೆಲಸ ಅಲ್ಲ. ಎರಡನ್ನೂ ಬರೆದು, ಬೋರ್ಡಿನಲ್ಲೇ ಹೀಗಿದೆ ಅಂತ ಪಕ್ಕದಲ್ಲಿ ತಿಳಿಸಿ. ಇದಕ್ಕೂ ಎರಡು ಕಂಬದ ಪಟ್ಟಿಯೇ ಸಹಾಯ, ಇಲ್ಲದಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಮಳೆಗೆ ಪಾಚಿ ಕಟ್ಟಿ ಒತ್ತಕ್ಷರ ಅಳಿಸಿಹೋದ ಬೋರ್ಡುಗಳ ಬಗ್ಗೆ ಒಂದೇ ಮಾತು. ಓದಲಾಗದ ಜಾಗದಲ್ಲಿ "ಓದಲಾಗಲಿಲ್ಲ" ಅಂತ ಬರೆಯಿರಿ, ಇಲ್ಲವೇ ಬದಿಯಿಂದ ಬೆಳಕು ಬೀಳುವಾಗ ಇನ್ನೊಂದು ಫೋಟೋ ಕೇಳಿ. ಬೇಡಿ ಅನ್ನುವುದರ ಎರಡನೆಯ ಅಕ್ಷರ ಅಳಿಸಿ ಬೇ ಮಾತ್ರ ಉಳಿದರೆ ಬೇಕು, ಬೇಡ ಎರಡೂ ಆಗಬಹುದು.

ಅಕ್ಕನಿಗೆ ಆ ರಾತ್ರಿಯೇ ಎರಡೂ ಪುಟ ಕಳಿಸಿದೆ. ಇಂಗ್ಲಿಷಿನದು ಗೆಸ್ಟುಗಳಿಗೆ. ಕನ್ನಡದ್ದು ಬೇಡ ಅಂದಿದ್ದರಲ್ಲ, ಆದರೂ ಓದಿದರು. ಬೋರ್ಡಿನ ಕೆಳಗಿನ ಇಂಗ್ಲಿಷ್ ಸಾಲು ಅವರೂ ಅಷ್ಟು ದಿನ ಗಮನಿಸಿರಲಿಲ್ಲ. ಬೆಳಿಗ್ಗೆ ಹುಡುಗರನ್ನು ಕಾಡಿಗೆ ಕಳಿಸುವ ಮೊದಲು ಅನುಮತಿ ಯಾರ ಹತ್ತಿರ ಕೇಳಬೇಕು ಅಂತ ನನ್ನನ್ನೇ ಕೇಳಿದರು. ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ಫೋನ್ ಮಾಡಿ ಅಂದೆ.

ಈಗ ಇಂಥ ಫೋಟೋ ಬಂದರೆ ನಾನು ಕಳಿಸುವ ಮೆಸೇಜು ಇದು: "ಫೋಟೋ ಸಿಕ್ಕಿತು. ಇದರಲ್ಲಿ ಕನ್ನಡದಲ್ಲಿ ಮಾತ್ರ ಇರುವ ವಿಷಯ ನಾಲ್ಕು, ಇಂಗ್ಲಿಷಿನಲ್ಲಿ ಮಾತ್ರ ಇರುವುದು ಒಂದು. ಇದನ್ನು ಓದುವವರು ಯಾರು ಅಂತ ತಿಳಿಸಿ. ಅರ್ಧ ಗಂಟೆಯಲ್ಲಿ ಉತ್ತರ ಬಾರದಿದ್ದರೆ ಎರಡೂ ಭಾಷೆಯಲ್ಲಿ ಪೂರ್ತಿ ಮಾಡಿ ಕಳಿಸುತ್ತೇನೆ."